ಕರೆ ಏಕೆ ಬರುತ್ತಿಲ್ಲ? ರಿಕ್ರೂಟರನ್ನು ಕೇಳುವ ಬಗೆ

"ಸರ್, ನನ್ನ ರೆಸ್ಯೂಮೆ ಒಮ್ಮೆ ನೋಡಿ ಹೇಳ್ತೀರಾ? ಎಷ್ಟು ಕಡೆ ಹಾಕಿದರೂ ಕಾಲ್ ಬರ್ತಿಲ್ಲ."

ಬೆಂಗಳೂರಿನಲ್ಲಿ ಐಟಿ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ನಮ್ಮಂಥವರ ಫೋನಿಗೆ ಈ ಸಂದೇಶ ಬಾರದ ವಾರವಿಲ್ಲ. ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರವೂ ಒಂದೇ: "ಚೆನ್ನಾಗಿದೆ, ಓಪನಿಂಗ್ ಬಂದರೆ ತಿಳಿಸ್ತೀನಿ." ಕೇಳಿದವರಿಗೆ ಸಮಾಧಾನವಾಗುತ್ತದೆ, ಆದರೆ ಮರುದಿನವೂ ಕರೆ ಬರುವುದಿಲ್ಲ. ಇದರಲ್ಲಿ ರಿಕ್ರೂಟರ ದಾಕ್ಷಿಣ್ಯದ ಪಾಲಿದೆ, ಪ್ರಶ್ನೆಯ ಪಾಲೂ ಇದೆ. 'ರೆಸ್ಯೂಮೆ ಹೇಗಿದೆ' ಎಂಬ ಪ್ರಶ್ನೆಗೆ 'ಚೆನ್ನಾಗಿದೆ' ಎನ್ನುವುದು ಸುಲಭ. 'ಈ ಹುದ್ದೆಗೆ ನೀವು ಹುಡುಕಿದರೆ ನಾನು ಸಿಗುತ್ತೇನಾ, ಸಿಕ್ಕರೆ ಕರೆಯುತ್ತೀರಾ, ಇಲ್ಲವಾದರೆ ಎಲ್ಲಿ ಕೈಬಿಡುತ್ತೀರಿ' ಎಂದು ಕೇಳಿದರೆ ಆ ಉತ್ತರ ಕೊಟ್ಟು ಜಾರಿಕೊಳ್ಳಲಾಗದು.

ಪ್ರಶ್ನೆಯನ್ನು ಹೀಗೆ ಬದಲಾಯಿಸಬೇಕಾದರೆ, ರಿಕ್ರೂಟರ ಕಂಪ್ಯೂಟರಿನ ಪರದೆಯ ಮೇಲೆ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು.

ರೆಸ್ಯೂಮೆ ತೆರೆಯುವ ಮೊದಲೇ

ಅರ್ಜಿ ಹಾಕಿದವರ ರೆಸ್ಯೂಮೆಗಳನ್ನು ಯಾರೋ ಒಬ್ಬರು ಒಂದೊಂದಾಗಿ ಓದುತ್ತಾರೆ ಎಂಬುದು ಹಲವರ ನಂಬಿಕೆ. ಒಂದು ಹುದ್ದೆಗೆ ನೂರಾರು ಅರ್ಜಿ ಬಂದಾಗ ಅದು ಆಗದ ಮಾತು. ಎಷ್ಟೋ ಸಲ ನಾವು ಅರ್ಜಿಗಳ ರಾಶಿಗೆ ಕೈ ಹಾಕುವುದೇ ಇಲ್ಲ, ನೇರವಾಗಿ ಹುಡುಕಾಟಕ್ಕೆ ಹೋಗುತ್ತೇವೆ. 1997ರಲ್ಲಿ ಶುರುವಾದ ನೌಕ್ರಿ ಡಾಟ್ ಕಾಮ್‌ನಲ್ಲಿ ಕಂಪನಿಗಳಿಗೂ ಕನ್ಸಲ್ಟನ್ಸಿಗಳಿಗೂ 'ರೆಸ್ಡೆಕ್ಸ್' ಎಂಬ ಪ್ರತ್ಯೇಕ ಸೇವೆಯಿದೆ. ಹಣ ಕೊಟ್ಟವರು ಅಲ್ಲಿ ಉದ್ಯೋಗಾಕಾಂಕ್ಷಿಗಳ ಪ್ರೊಫೈಲುಗಳನ್ನು ಹುಡುಕಬಹುದು. ಟೆಸ್ಟಿಂಗ್ ಹುದ್ದೆಯೊಂದು ಬಂತು ಎನ್ನಿ. ಹುಡುಕುವ ಪೆಟ್ಟಿಗೆಯಲ್ಲಿ ನಾವು ಟೈಪಿಸುವುದು ಹೀಗಿರುತ್ತದೆ:

```
selenium AND java AND (testng OR cucumber)
```

ಅದರ ಕೆಳಗೆ ಅನುಭವ ಎಷ್ಟರಿಂದ ಎಷ್ಟು ವರ್ಷ, ಸಂಬಳ ಎಷ್ಟರೊಳಗೆ, ಊರು ಯಾವುದು, ನೋಟಿಸ್ ಪೀರಿಯಡ್ ಎಷ್ಟು, ಇತ್ತೀಚೆಗೆ ಪ್ರೊಫೈಲ್ ತೆರೆದಿದ್ದಾರೋ ಇಲ್ಲವೋ ಎಂಬ ಸೋಸುಗಳಿರುತ್ತವೆ. ಅವನ್ನು ತುಂಬಿ ಗುಂಡಿ ಒತ್ತಿದ ಮೇಲೆ ಒಂದು ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಅಂಗೈಯಗಲದ ಜಾಗ. ಈಗಿನ ಹುದ್ದೆ, ಕಂಪನಿ, ವರ್ಷಗಳು, ಸಂಬಳ, ಊರು, ನೋಟಿಸ್ ಪೀರಿಯಡ್, ಒಂದು ಸಾಲಿನ ಹೆಡ್‌ಲೈನ್ ಮತ್ತು ಕೆಲವು ಕೌಶಲಗಳು ಅಲ್ಲಿ ಕಾಣುತ್ತವೆ. ಇದರ ಮೇಲೆ ಕಣ್ಣಾಡಿಸಿ, ತೆರೆಯಬೇಕೋ ಬೇಡವೋ ಎಂದು ನಿರ್ಧರಿಸುತ್ತೇವೆ. ತೆರೆದ ಮೇಲಷ್ಟೇ ನಿಮ್ಮ ರೆಸ್ಯೂಮೆಯ ಸರದಿ. ಅದೂ ಮೊದಲ ಅರ್ಧ ಪುಟ. ಅದು ಒಪ್ಪಿಗೆಯಾದರೆ ಫೋನು.

ಹಾಗಾಗಿ 'ಕರೆ ಬರುತ್ತಿಲ್ಲ' ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಹುಡುಕಾಟದಲ್ಲಿ ನೀವು ಸಿಗುತ್ತಲೇ ಇಲ್ಲ. ಸಿಕ್ಕರೂ ಪಟ್ಟಿಯಲ್ಲಿ ನಿಮ್ಮನ್ನು ದಾಟಿ ಹೋಗುತ್ತಾರೆ. ತೆರೆದರೂ ಓದಿ ಮುಚ್ಚುತ್ತಾರೆ. ಇಲ್ಲವೇ ಮೊದಲ ಫೋನಿನ ನಂತರ ಸುದ್ದಿಯಿಲ್ಲ. ಪ್ರತಿಯೊಂದಕ್ಕೂ ಮದ್ದು ಬೇರೆ. ಹುಡುಕಾಟದಲ್ಲೇ ಸಿಗದವರು ರೆಸ್ಯೂಮೆಯ ವಾಕ್ಯಗಳನ್ನು ಎಷ್ಟು ತಿದ್ದಿದರೂ ಅದನ್ನು ಓದುವವರಿಲ್ಲ.

ರಿಕ್ರೂಟರ ಬಳಿ ಹೋಗುವ ಮೊದಲು ಇದರ ಅರ್ಧ ಪತ್ತೆಯನ್ನು ನೀವೇ ಮಾಡಬಹುದು. ನೌಕ್ರಿಯ ಪ್ರೊಫೈಲ್ ಪುಟದಲ್ಲಿ, ನೀವು ಎಷ್ಟು ಹುಡುಕಾಟಗಳಲ್ಲಿ ಕಾಣಿಸಿಕೊಂಡಿರಿ ಮತ್ತು ರಿಕ್ರೂಟರುಗಳು ನಿಮ್ಮ ಪ್ರೊಫೈಲಿನ ಮೇಲೆ ಎಷ್ಟು ಸಲ ಕ್ರಮ ಕೈಗೊಂಡರು ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದೇ ತೀರ ಕಡಿಮೆಯಿದ್ದರೆ ದೋಷ ಕೌಶಲಗಳ ಪಟ್ಟಿಯಲ್ಲೋ ಸೋಸುಗಳಲ್ಲೋ ಇದೆ. ಮೊದಲನೆಯದು ಸಾಕಷ್ಟಿದ್ದು ಎರಡನೆಯದು ಸೊನ್ನೆಯ ಹತ್ತಿರ ಇದ್ದರೆ, ಅಂಗೈಯಗಲದ ಆ ಜಾಗದಲ್ಲಿ ಕಾಣುವ ವಿವರಗಳಲ್ಲಿ ತೊಡಕಿದೆ. ಈ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡು ಬಂದವರ ಜೊತೆ ನಮ್ಮ ಮಾತು ಬೇಗ ವಿಷಯಕ್ಕೆ ಬರುತ್ತದೆ.

ಯಾರನ್ನು ಕೇಳಬೇಕು, ಏನೆಂದು

ರಿಕ್ರೂಟರುಗಳಲ್ಲಿ ಎರಡು ಬಗೆ. ಕಂಪನಿಯ ಒಳಗೇ ಸಂಬಳಕ್ಕಿರುವವರು ಒಂದು ಬಗೆ, ಕನ್ಸಲ್ಟನ್ಸಿಯವರು ಇನ್ನೊಂದು. ಕನ್ಸಲ್ಟನ್ಸಿಗೆ ಹಣ ಕೊಡುವುದು ಕಂಪನಿ. ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ ಅವರ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಕೊಡುವುದು ಬಳಕೆಯಲ್ಲಿರುವ ಒಂದು ದರ. ಅಭ್ಯರ್ಥಿ ನಮ್ಮ ಗ್ರಾಹಕರಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಇವತ್ತು ತುಂಬಬೇಕಾದ ಹುದ್ದೆಗೆ ಹೊಂದದವರ ಜೊತೆ ಮಾತಾಡುವ ಸಮಯ ನಮಗೆ ಲೆಕ್ಕಕ್ಕೆ ಸಿಗುವುದಿಲ್ಲ. ಜೊತೆಗೆ, ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೊಡಬಾರದೆಂದು ಹಲವು ಕಂಪನಿಗಳಲ್ಲಿ ಸೂಚನೆಯಿರುತ್ತದೆ. ಹಿಂದೆ ಯಾರಿಗೋ ನಿಜ ಹೇಳಿ ಅರ್ಧ ಗಂಟೆ ವಾದಕ್ಕೆ ಸಿಕ್ಕ ಅನುಭವವೂ ನಮ್ಮಲ್ಲಿ ಹಲವರಿಗಿದೆ. 'ಚೆನ್ನಾಗಿದೆ' ಎಂಬ ಉತ್ತರ ಹುಟ್ಟುವುದು ಇವೆಲ್ಲ ಸೇರಿ.

ಆದ್ದರಿಂದ ಸಿಕ್ಕಸಿಕ್ಕ ರಿಕ್ರೂಟರಿಗೆ ರೆಸ್ಯೂಮೆ ಕಳಿಸುವುದಕ್ಕಿಂತ, ನಿಮ್ಮದೇ ಕೌಶಲಕ್ಕೆ, ನಿಮ್ಮಷ್ಟೇ ವರ್ಷಗಳ ಅನುಭವಕ್ಕೆ ಜನ ಹುಡುಕುವ ಒಬ್ಬಿಬ್ಬರನ್ನು ಆರಿಸಿಕೊಳ್ಳಿ. ಹಿಂದೊಮ್ಮೆ ನಿಮಗೆ ಫೋನ್ ಮಾಡಿ, ನಂತರ ಕೈಬಿಟ್ಟವರು ಎಲ್ಲರಿಗಿಂತ ಉತ್ತಮ. ಏಕೆಂದರೆ ಅವರು ನಿಮ್ಮನ್ನು ಒಮ್ಮೆ ಆರಿಸಿದ್ದರು, ಆಮೇಲೆ ಬಿಟ್ಟರು. ಎರಡಕ್ಕೂ ಅವರ ಬಳಿ ಕಾರಣವಿದೆ. ಅವರಿಗೆ ಬರೆಯುವ ಸಂದೇಶ ಹೀಗಿದ್ದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು:

"ಮೇಡಂ, ನಮಸ್ಕಾರ. ಮಾರ್ಚಿನಲ್ಲಿ ನೀವು ಆಟೊಮೇಷನ್ ಟೆಸ್ಟರ್ ಹುದ್ದೆಗೆ ನನಗೆ ಕಾಲ್ ಮಾಡಿದ್ದಿರಿ. ಈಗ ನಾನು ಕೆಲಸ ಕೇಳುತ್ತಿಲ್ಲ, ಹತ್ತು ನಿಮಿಷ ಸಲಹೆ ಬೇಕಿತ್ತು. ಇದರ ಜೊತೆ ನನ್ನ ರೆಸ್ಯೂಮೆ ಮತ್ತು ನಾನು ಗುರಿ ಇಟ್ಟಿರುವ ಒಂದು ಹುದ್ದೆಯ ವಿವರ ಕಳಿಸಿದ್ದೇನೆ. ಈ ಹುದ್ದೆ ನಿಮ್ಮ ಕೈಯಲ್ಲಿದ್ದರೆ ನೀವು ನನ್ನನ್ನು ಕರೆಯುತ್ತಿದ್ದಿರಾ? ಇಲ್ಲವಾದರೆ ಮೊದಲು ಕಣ್ಣಿಗೆ ಬೀಳುವ ಕಾರಣ ಯಾವುದು? ಮುಲಾಜಿಲ್ಲದೆ ಹೇಳಿ, ನಾನು ವಾದ ಮಾಡುವುದಿಲ್ಲ."

ಇಲ್ಲಿ ಸಮಯದ ಮಿತಿಯಿದೆ, ತಾಳೆ ನೋಡಲು ಒಂದು ನಿರ್ದಿಷ್ಟ ಹುದ್ದೆಯಿದೆ, ಕಹಿ ಉತ್ತರಕ್ಕೆ ಅನುಮತಿಯಿದೆ. ಹುದ್ದೆಯ ವಿವರವಿಲ್ಲದೆ ಬರೀ ರೆಸ್ಯೂಮೆ ಕಳಿಸಿದರೆ ನಾವು ಹೇಳಬಹುದಾದದ್ದು ಅಕ್ಷರದ ಗಾತ್ರ, ಕಾಗುಣಿತ, ಪುಟಗಳ ಸಂಖ್ಯೆಯಂಥ ಮೇಲುಮೇಲಿನ ಮಾತುಗಳನ್ನಷ್ಟೇ. ಫೋನಿನಲ್ಲಿ ಸಿಕ್ಕರೆ ಇನ್ನೂ ಒಂದು ಕೇಳಿ: "ಆಗುವುದಾದರೆ ಈಗಲೇ ಈ ಹುದ್ದೆಗೆ ಒಂದು ಸರ್ಚ್ ಹಾಕಿ, ನಾನು ಬರುತ್ತೇನಾ ನೋಡ್ತೀರಾ?" ಅಭಿಪ್ರಾಯ ಹೇಳುವಾಗ ಅಡ್ಡ ಬರುವ ದಾಕ್ಷಿಣ್ಯ ಹುಡುಕಾಟದ ಫಲಿತಾಂಶ ಹೇಳುವಾಗ ಬರುವುದಿಲ್ಲ.

ಒಂದು ಪ್ರೊಫೈಲ್, ಐದು ಕಾರಣಗಳು

ಹಲವರ ಅನುಭವಗಳನ್ನು ಸೇರಿಸಿ ಒಂದು ಉದಾಹರಣೆ ಕಟ್ಟುತ್ತೇನೆ. ಇದರಲ್ಲಿನ ಸಂಬಳದ ಅಂಕಿಗಳು ಲೆಕ್ಕ ತಿಳಿಯಲಿ ಎಂದು ಇಟ್ಟವು, ಮಾರುಕಟ್ಟೆಯ ದರವೆಂದು ತಿಳಿಯಬೇಡಿ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ನಾಲ್ಕೂವರೆ ವರ್ಷದಿಂದ ಟೆಸ್ಟರ್ ಆಗಿರುವ ಹುಡುಗಿ. ಮೊದಲ ಮೂರು ವರ್ಷ ಮ್ಯಾನ್ಯುಯಲ್ ಟೆಸ್ಟಿಂಗ್, ಈಚಿನ ಒಂದೂವರೆ ವರ್ಷ ಸೆಲೆನಿಯಂನಲ್ಲಿ ಆಟೊಮೇಷನ್. ಸಂಬಳ ವರ್ಷಕ್ಕೆ 6 ಲಕ್ಷ, ಕೇಳುತ್ತಿರುವುದು 12. ನೋಟಿಸ್ ಪೀರಿಯಡ್ 90 ದಿನ. ಮೂರು ವರ್ಷಕ್ಕಿಂತ ಹೆಚ್ಚು ಆಟೊಮೇಷನ್ ಅನುಭವ ಕೇಳುವ ಹುದ್ದೆಗಳಿಗೆ ತಿಂಗಳುಗಟ್ಟಲೆ ಅರ್ಜಿ ಹಾಕಿದ್ದಾಳೆ, ಬಂದ ಕರೆಗಳು ಬೆರಳೆಣಿಕೆ.

ಅವಳು ಸಲಹೆ ಕೇಳಿದ ರಿಕ್ರೂಟರಿಗೆ ರೆಸ್ಯೂಮೆ ತೆರೆದ ಕೂಡಲೇ ಕಂಡ ಮೊದಲ ಕಾರಣ ಅದರ ಅಂದದ ವಿನ್ಯಾಸ. ಎಡಕ್ಕೊಂದು ಬಣ್ಣದ ಪಟ್ಟಿ, ಅದರಲ್ಲಿ ಸೆಲೆನಿಯಂ ಮತ್ತು ಜಾವಾದ ಲೋಗೋಗಳು, ಪ್ರತಿಯೊಂದರ ಕೆಳಗೆ ನಾಲ್ಕು ಚುಕ್ಕಿ, ಐದು ಚುಕ್ಕಿ. ಮನುಷ್ಯರ ಕಣ್ಣಿಗೆ ಇದು ಸೊಗಸು. ಆದರೆ ಕಂಪನಿಗಳು ಅರ್ಜಿಗಳನ್ನು ತುಂಬಿಸಿಕೊಳ್ಳುವ ತಂತ್ರಾಂಶ ಓದುವುದು ಅಕ್ಷರಗಳನ್ನು. ಚಿತ್ರದೊಳಗಿನ ಹೆಸರು ಅದಕ್ಕೆ ಸಿಗುವುದಿಲ್ಲ, ಎರಡು ಅಂಕಣಗಳ ಸಾಲುಗಳು ಒಂದರೊಳಗೊಂದು ಬೆರೆತುಹೋಗಬಹುದು. ಇದನ್ನು ಪರೀಕ್ಷಿಸುವುದು ಸುಲಭ. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ಕೆಮಾಡಿ ನಕಲಿಸಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಅಲ್ಲಿ ಏನು ಕಾಣುತ್ತದೋ ಯಂತ್ರಕ್ಕೂ ಹೆಚ್ಚುಕಡಿಮೆ ಅದೇ ಕಾಣುತ್ತದೆ. ಅವಳು ಅಂಟಿಸಿದಾಗ 'ಸೆಲೆನಿಯಂ' ಎಂಬ ಪದವೇ ಬರಲಿಲ್ಲ. ಪ್ರೊಫೈಲಿನ ಕೌಶಲಗಳ ಜಾಗದಲ್ಲೂ 'ಆಟೊಮೇಷನ್ ಟೂಲ್ಸ್' ಎಂದಷ್ಟೇ ಇತ್ತು. ಮೇಲೆ ತೋರಿಸಿದ ಹುಡುಕಾಟದಲ್ಲಿ ಅವಳು ಸಿಗುವ ಹಾಗೇ ಇರಲಿಲ್ಲ.

ಎರಡನೆಯದು ಹೆಡ್‌ಲೈನ್. 'ಸವಾಲಿನ ಕೆಲಸ ಹುಡುಕುತ್ತಿರುವ ಶ್ರಮಜೀವಿ' ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಅಲ್ಲಿತ್ತು. ಪಟ್ಟಿಯಲ್ಲಿ ನಮಗೆ ಬೇಕಾದದ್ದು ಯಾರು, ಏನು, ಎಷ್ಟು ವರ್ಷ, ಯಾವ ಕ್ಷೇತ್ರ ಎಂಬಷ್ಟೇ. 'ಕ್ಯೂಎ ಇಂಜಿನಿಯರ್, 4.5 ವರ್ಷ, ಸೆಲೆನಿಯಂ–ಜಾವಾ–ಟೆಸ್ಟ್‌ಎನ್‌ಜಿ, ವಿಮಾ ಕ್ಲೇಮ್ ವ್ಯವಸ್ಥೆ' ಎಂದಿದ್ದರೆ ಒಂದೇ ನೋಟಕ್ಕೆ ಎಲ್ಲವೂ ಸಿಗುತ್ತಿತ್ತು.

ಮೂರನೆಯದು ರೆಸ್ಯೂಮೆಯ ಒಳಗಿನ ಸಾಲುಗಳು. 'ಟೆಸ್ಟಿಂಗ್ ಚಟುವಟಿಕೆಗಳಲ್ಲಿ ಭಾಗವಹಿಸಿದ್ದೇನೆ' ಎಂಬ ಸಾಲನ್ನು ಯಾವ ಟೆಸ್ಟರೂ ಬರೆಯಬಹುದು. ರಿಕ್ರೂಟರ್ ಕೇಳಿದರು: "ಒಂದು ರಿಲೀಸ್ ಬಂದಾಗ ನೀವು ನಿಜವಾಗಿ ಏನು ಮಾಡ್ತೀರಿ?" ಅವಳು ಹೇಳಿದಳು: ಕ್ಲೇಮ್ ಸಲ್ಲಿಕೆಯ ರಿಗ್ರೆಶನ್ ಪರೀಕ್ಷೆಯನ್ನು ಮೊದಲು ಕೈಯಿಂದ ಮಾಡಲು ಮೂರು ದಿನ ಹಿಡಿಯುತ್ತಿತ್ತು, ಅದರಲ್ಲಿ 120 ಟೆಸ್ಟ್ ಕೇಸುಗಳನ್ನು ಅವಳೇ ಆಟೊಮೇಟ್ ಮಾಡಿದ ಮೇಲೆ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಈ ಮಾತು ರೆಸ್ಯೂಮೆಯಲ್ಲಿ ಎಲ್ಲಿಯೂ ಇರಲಿಲ್ಲ. ಮೊದಲ ಅರ್ಧ ಪುಟದಲ್ಲಿ ಇರಬೇಕಾದದ್ದು ಇದೇ. ವಿಮಾ ಕ್ಷೇತ್ರದ ನಾಲ್ಕೂವರೆ ವರ್ಷದ ತಿಳಿವಳಿಕೆ, ಪಾಲಿಸಿ ಎಂದರೇನು, ಕ್ಲೇಮ್ ಹೇಗೆ ಸಾಗುತ್ತದೆ ಎಂಬ ಅರಿವು, ಮೂರನೆಯ ಪುಟದ ಒಂದು ಮೂಲೆಯಲ್ಲಿ ಹೂತುಹೋಗಿತ್ತು.

ಈ ಮೂರನ್ನೂ ಒಂದು ಸಂಜೆ ಕೂತು ಸರಿಮಾಡಬಹುದು. ಉಳಿದ ಎರಡು ಕಾರಣಗಳು ಹಾಗಲ್ಲ. ಪ್ರಾಮಾಣಿಕ ರಿಕ್ರೂಟರಿಂದ ನಿಜವಾಗಿ ಕೇಳಬೇಕಾದದ್ದೂ ಈ ಎರಡನ್ನೇ.

ನಾಲ್ಕನೆಯದು ಸಂಬಂಧಪಟ್ಟ ಅನುಭವ. ಫೋನಿನಲ್ಲಿ ಮಾತಾಡಿದ ಮೇಲೆ ನಾವು ಕಂಪನಿಗೆ ಕಳಿಸುವುದು ಬರೀ ರೆಸ್ಯೂಮೆಯಲ್ಲ, ಅದರ ಜೊತೆ 'ಟ್ರ್ಯಾಕರ್' ಎಂಬ ಎಕ್ಸೆಲ್ ಹಾಳೆ ಹೋಗುತ್ತದೆ. ಅದರಲ್ಲಿ ಒಟ್ಟು ಅನುಭವ, ಸಂಬಂಧಪಟ್ಟ ಅನುಭವ, ಈಗಿನ ಸಂಬಳ, ನಿರೀಕ್ಷೆಯ ಸಂಬಳ, ನೋಟಿಸ್ ಪೀರಿಯಡ್, ಕೆಲಸ ಬದಲಿಸುವ ಕಾರಣ ಎಂಬ ಕಾಲಂಗಳಿರುತ್ತವೆ. ಹುಡುಗಿ ತನ್ನನ್ನು ನಾಲ್ಕೂವರೆ ವರ್ಷದವಳೆಂದು ನೋಡಿಕೊಳ್ಳುತ್ತಿದ್ದಳು. ಎರಡನೆಯ ಕಾಲಂನಲ್ಲಿ ಅವಳು ಒಂದೂವರೆ ವರ್ಷದವಳು. ಮೂರು ವರ್ಷ ಬೇಕೆಂದ ಹುದ್ದೆಗೆ ಅವಳ ಹೆಸರು ಕಳಿಸಿದರೆ ಮ್ಯಾನೇಜರ್ ಮೊದಲ ನೋಟಕ್ಕೇ ತಳ್ಳಿಹಾಕುತ್ತಾರೆ. ಆದ್ದರಿಂದ ಇಲ್ಲಿ ಬದಲಾಗಬೇಕಾದದ್ದು ಗುರಿ. ಮ್ಯಾನ್ಯುಯಲ್ ಮತ್ತು ಆಟೊಮೇಷನ್ ಎರಡೂ ಬೇಕಾದ, ವಿಮೆ ಗೊತ್ತಿದ್ದವರನ್ನು ಹುಡುಕುವ ಹುದ್ದೆಗಳಲ್ಲಿ ಅವಳ ಮೂರು ವರ್ಷದ ಮ್ಯಾನ್ಯುಯಲ್ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಬೇರೆ ಕಡೆ ಕೊರತೆಯಾಗಿ ಕಂಡದ್ದು ಅಲ್ಲಿ ಅರ್ಹತೆಯಾಗುತ್ತದೆ.

ಐದನೆಯದು 90 ದಿನ ಮತ್ತು 12 ಲಕ್ಷ. ಎರಡೂ ಸೋಸುಗಳೇ. ಒಂದು ತಿಂಗಳೊಳಗೆ ಸೇರುವವರು ಬೇಕೆಂದು ಸೋಸು ಹಾಕಿದ ದಿನ ಅವಳು ಆ ಪರದೆಯ ಮೇಲೆ ಇಲ್ಲ. ಹುದ್ದೆಯ ಬಜೆಟ್ 10 ಲಕ್ಷವಿದ್ದಾಗ ನಿರೀಕ್ಷೆಯ ಕಾಲಂನಲ್ಲಿ 12 ಎಂದು ಬರೆದವರ ಜೊತೆ ಚೌಕಾಸಿಗೆ ಕೂರುವುದಕ್ಕಿಂತ ಮುಂದಿನವರನ್ನು ನೋಡುವುದು ಸುಲಭ. ನೋಟಿಸ್ ಪೀರಿಯಡ್ಡನ್ನು ಅವಳು ಸುಳ್ಳು ಹೇಳಿ ಕಡಿಮೆ ಮಾಡುವಂತಿಲ್ಲ. ಆದರೆ ಈಗಿನ ಕಂಪನಿಯ ನಿಯಮದಲ್ಲಿ ಉಳಿದ ದಿನಗಳ ಸಂಬಳ ಕಟ್ಟಿ ಬೇಗ ಬಿಡುವ ಅವಕಾಶವಿದೆಯೇ ಎಂದು ನೋಡಬಹುದು. ಇದ್ದರೆ ಅದನ್ನು ಪ್ರೊಫೈಲಿನಲ್ಲಿ ಬರೆಯಬಹುದು. ಇಲ್ಲದಿದ್ದರೆ, ಮೂರು ತಿಂಗಳು ಕಾಯಲು ತಯಾರಿರುವ ಕಂಪನಿಗಳತ್ತ ಹೆಚ್ಚು ಗಮನ ಕೊಡಬೇಕು. ಅದನ್ನೂ ರಿಕ್ರೂಟರನ್ನೇ ಕೇಳಬಹುದು: "90 ದಿನ ಕಾಯುವ ಕ್ಲೈಂಟ್ ನಿಮ್ಮಲ್ಲಿ ಯಾರಾದರೂ ಇದ್ದಾರಾ?"

ನಿಮ್ಮ ಕೈಯಲ್ಲಿಲ್ಲದ ಕಾರಣಗಳು

ಕರೆ ಬಾರದ್ದಕ್ಕೆಲ್ಲ ಅಭ್ಯರ್ಥಿಯೇ ಕಾರಣವಲ್ಲ. ಜಾಹೀರಾತು ಇನ್ನೂ ಕಾಣುತ್ತಿದ್ದರೂ ಹುದ್ದೆ ತುಂಬಿರಬಹುದು, ಬಜೆಟ್ ನಿಂತಿರಬಹುದು, ಒಳಗಿನವರೇ ಆ ಜಾಗಕ್ಕೆ ಬಂದಿರಬಹುದು. ಅಭ್ಯರ್ಥಿಗಳಿಗೆ ಹೆಚ್ಚಾಗಿ ತಿಳಿಯದ ಇನ್ನೊಂದು ಕಾರಣವಿದೆ. ಒಂದೇ ಹುದ್ದೆಗೆ ಎರಡು ಕನ್ಸಲ್ಟನ್ಸಿಗಳು ನಿಮ್ಮ ಹೆಸರು ಕಳಿಸಿದರೆ ಎರಡನೆಯದು 'ಡೂಪ್ಲಿಕೇಟ್' ಎಂದು ತಿರಸ್ಕೃತವಾಗುತ್ತದೆ. ಮೊದಲು ಕಳಿಸಿದವರಿಗೆ ಕೆಲವು ತಿಂಗಳು ನಿಮ್ಮ ಮೇಲೆ ಹಕ್ಕು ಇರುತ್ತದೆ. ಅವರು ಆಸಕ್ತಿ ಕಳೆದುಕೊಂಡರೆ ಆ ಕಂಪನಿಯ ಬಾಗಿಲು ಅಷ್ಟು ದಿನ ನಿಮಗೆ ಮುಚ್ಚಿದಂತೆಯೇ. ಹಾಗಾಗಿ ಯಾವ ಕಂಪನಿಗೆ ಕಳಿಸುತ್ತೀರಿ ಎಂದು ಕೇಳದೆ 'ಕಳಿಸಿ' ಎಂದು ಒಪ್ಪಬೇಡಿ. ಯಾರು, ಎಲ್ಲಿಗೆ, ಯಾವಾಗ ಕಳಿಸಿದರು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ವಿಮರ್ಶೆ ಕೇಳುವಾಗ "ಈ ಕಂಪನಿಯಲ್ಲಿ ನನ್ನ ಹೆಸರು ಮೊದಲೇ ಇದೆಯಾ?" ಎಂಬುದನ್ನೂ ಸೇರಿಸಿ.

ರಿಕ್ರೂಟರಿಗೂ ತಿಳಿಯದ ಸಂಗತಿಗಳಿವೆ. ತಾಂತ್ರಿಕ ಸಂದರ್ಶನದಲ್ಲಿ ನೀವು ಏಕೆ ಸೋತಿರಿ ಎಂಬುದು ನಮ್ಮ ಕೈಗೆ ಬರುವ ಹೊತ್ತಿಗೆ 'ನಾಟ್ ಎ ಫಿಟ್' ಎಂಬ ಒಂದು ಮಾತಾಗಿರುತ್ತದೆ. ನಿಮ್ಮ ಕೋಡ್ ಒಳ್ಳೆಯದೋ ಅಲ್ಲವೋ ಹೇಳುವ ಯೋಗ್ಯತೆ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಅದಕ್ಕೆ ಅದೇ ಕೆಲಸದಲ್ಲಿರುವ ಹಿರಿಯರನ್ನು ಕೇಳಬೇಕು. ಮೊದಲ ಸಂದರ್ಶನದವರೆಗಿನ ದಾರಿಯ ಬಗ್ಗೆ ಮಾತ್ರ ನಮ್ಮ ಮಾತಿಗೆ ತೂಕವಿದೆ.

ಉತ್ತರವನ್ನು ಅಳೆಯುವುದು

ಇಬ್ಬರು ರಿಕ್ರೂಟರುಗಳು ಎರಡು ಮಾತು ಹೇಳುತ್ತಾರೆ. ಒಬ್ಬರಿಗೆ ಒಂದು ಪುಟದ ರೆಸ್ಯೂಮೆ ಬೇಕು, ಇನ್ನೊಬ್ಬರಿಗೆ ಎರಡು. ಅದು ರುಚಿಯ ವಿಷಯ, ಬಿಟ್ಟುಬಿಡಿ. ಇಬ್ಬರೂ ಒಂದೇ ಮಾತು ಹೇಳಿದರೆ, ಉದಾಹರಣೆಗೆ 'ಆಟೊಮೇಷನ್ ಅನುಭವ ಸಾಲದು' ಎಂದರೆ, ಅದನ್ನು ನಂಬಿ.

'ಮೂರು ವರ್ಷ ಎಂದು ಹಾಕಿ, ನಾನು ನೋಡಿಕೊಳ್ತೀನಿ' ಎನ್ನುವವರ ಸಲಹೆಯನ್ನು ಮಾತ್ರ ಎಂದೂ ಒಪ್ಪಬೇಡಿ. ಆಫರ್ ಬಂದ ಮೇಲೆ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯ ಅಡಿಯಲ್ಲಿ, ನೀವು ಯಾವ ಕಂಪನಿಗೆ ಯಾವಾಗ ಸೇರಿ ಯಾವಾಗ ಬಿಟ್ಟಿರಿ ಎಂಬ ದಾಖಲೆ ಇರುತ್ತದೆ. ಸಂಬಳ ಚೀಟಿ ಮತ್ತು ಫಾರ್ಮ್ 16 ಕೂಡ ಕೇಳುತ್ತಾರೆ. ಕಂಪನಿಯ ಹೆಸರಲ್ಲಿ, ದಿನಾಂಕದಲ್ಲಿ, ಸಂಬಳದಲ್ಲಿ ಮಾಡಿದ ಸುಳ್ಳು ಅಲ್ಲಿ ಸಿಕ್ಕಿಬೀಳುತ್ತದೆ. ಕೌಶಲದ ವರ್ಷಗಳಲ್ಲಿ ಮಾಡಿದ ಸುಳ್ಳು ಸಂದರ್ಶನದ ಮೊದಲ ಹತ್ತು ನಿಮಿಷದಲ್ಲೇ ಬಯಲಾಗುತ್ತದೆ. ಹಳೆ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ ಹೊಸ ಆಫರ್ ರದ್ದಾದರೆ ಎರಡೂ ಕೈ ತಪ್ಪುತ್ತವೆ. ಹಾಗೆಯೇ, ವಿಮರ್ಶೆಯ ಕೊನೆಗೆ 'ಇಷ್ಟು ಕಟ್ಟಿದರೆ ಇಂಟರ್‌ವ್ಯೂ ಗ್ಯಾರಂಟಿ' ಎನ್ನುವವರಿಂದ ದೂರವಿರಿ. ನಮ್ಮ ಕಸುಬಿನಲ್ಲಿ ಹಣ ಬರಬೇಕಾದದ್ದು ಕಂಪನಿಯಿಂದ, ಕೆಲಸವಿಲ್ಲದವರ ಜೇಬಿನಿಂದಲ್ಲ.

ಸಲಹೆ ಸಿಕ್ಕ ಮೇಲೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಮೊದಲು ಕೌಶಲಗಳು ಮತ್ತು ಹೆಡ್‌ಲೈನ್ ಸರಿಪಡಿಸಿ ಎರಡು ವಾರ ನೋಡಿ. ಹುಡುಕಾಟದಲ್ಲಿ ಕಾಣುವ ಅಂಕಿ ಏರಿತೇ? ಏರಿಯೂ ಕರೆ ಬರಲಿಲ್ಲವಾದರೆ ಮೊದಲ ಅರ್ಧ ಪುಟವನ್ನು ಹೊಸದಾಗಿ ಬರೆಯಿರಿ. ಕರೆ ಬಂದು ಅಲ್ಲಿಗೇ ನಿಂತರೆ ಸಂಬಳ, ನೋಟಿಸ್, ಸಂಬಂಧಪಟ್ಟ ಅನುಭವ ಈ ಮೂರರಲ್ಲಿ ಯಾವುದು ಅಡ್ಡಿಯೆಂದು ಅದೇ ಕರೆಯಲ್ಲಿ ಕೇಳಿ. ಸಲಹೆ ಕೊಟ್ಟ ರಿಕ್ರೂಟರಿಗೆ ತಿಂಗಳ ನಂತರ ಎರಡು ಸಾಲು ಬರೆದು ಏನು ಬದಲಾಯಿಸಿದಿರಿ, ಏನಾಯಿತು ಎಂದು ತಿಳಿಸಿ. ಹಾಗೆ ತಿಳಿಸುವವರು ಬಹಳ ಕಡಿಮೆ. ನಿಮಗೆ ಹೊಂದುವ ಹುದ್ದೆ ನಮ್ಮ ಮೇಜಿಗೆ ಬಂದ ದಿನ ಹುಡುಕಾಟ ಶುರುಮಾಡುವ ಮೊದಲೇ ನೆನಪಿಗೆ ಬರುವ ಹೆಸರು ಅವರದು.